ಬಂದವರೆಷ್ಟು, ಬಿಲ್ ಆದದ್ದೆಷ್ಟು?

ದೊಡ್ಡ ಬಟ್ಟೆ ಅಂಗಡಿಗಳ ಬಾಗಿಲ ಮೇಲೆ ಒಂದು ಪುಟ್ಟ ಡಬ್ಬಿ ಇರುತ್ತದೆ. ಸಿಸಿಟಿವಿ ಇರಬೇಕೆಂದುಕೊಂಡು ನಾವು ಒಳಗೆ ನಡೆಯುತ್ತೇವೆ. ಅದು ಎಣಿಸುವುದು ತಲೆಗಳನ್ನು. ಗಂಟೆಗೆ ಎಷ್ಟು ಜನ ಬಂದರೆಂದು ಈ ಡಬ್ಬಿ ಹೇಳುತ್ತದೆ, ಎಷ್ಟು ಬಿಲ್ ಆಯಿತೆಂದು ಕ್ಯಾಶ್ ಕೌಂಟರಿನ ಕಂಪ್ಯೂಟರ್ ಹೇಳುತ್ತದೆ. ನೂರು ಜನ ಬಂದಾಗ ಎಷ್ಟು ಬಿಲ್ ಆಯಿತು ಎಂಬುದೇ ಕನ್ವರ್ಷನ್ ರೇಟ್.

ಲೆಕ್ಕ ಸುಲಭ, ಓದುವುದು ಕಷ್ಟ. ಒಂದು ಶನಿವಾರದ ಸಂಜೆಯನ್ನು ಉದಾಹರಣೆಗೆ ಇಟ್ಟುಕೊಳ್ಳಿ. 5ರಿಂದ 6ರೊಳಗೆ 80 ಜನ ಬಂದರು, 28 ಬಿಲ್ ಆಯಿತು: ಶೇ. 35. ಮುಂದಿನ ಗಂಟೆ 150 ಜನ, 36 ಬಿಲ್: ಶೇ. 24. ಏಳರ ನಂತರ 144 ಜನ, ಮತ್ತೆ 36 ಬಿಲ್: ಶೇ. 25. ಎಂಟರಿಂದ ಒಂಬತ್ತಕ್ಕೆ ಬಂದವರು 40, ಬಿಲ್ 34: ಶೇ. 85!

ಕೊನೆಯ ಗಂಟೆಯ ಸೇಲ್ಸ್‌ನವರನ್ನು ಹೊಗಳಿ, ಆರು ಗಂಟೆಯವರನ್ನು ಗದರಿಸುವ ಮಾಲೀಕರಿದ್ದಾರೆ. ಎರಡೂ ತಪ್ಪು. ಏಳೂವರೆಗೆ ಬಂದವರು ಸೀರೆ ಆರಿಸಿ, ಸಾಲಿನಲ್ಲಿ ನಿಂತು ದುಡ್ಡು ಕೊಡುವಾಗ ಎಂಟೂಕಾಲು. ಅವರ ತಲೆ ಒಂದು ಗಂಟೆಯಲ್ಲಿ, ಬಿಲ್ ಇನ್ನೊಂದರಲ್ಲಿ. ಹಾಗಾಗಿ ಮೂರೂ ಗಂಟೆ ಸೇರಿಸಿ ನೋಡಬೇಕು: 334 ಜನ, 106 ಬಿಲ್, ಹೆಚ್ಚುಕಡಿಮೆ ಶೇ. 32. ಐದು ಗಂಟೆಯ ಶೇ. 35ಕ್ಕೆ ಹೋಲಿಸಿದರೆ ಹನ್ನೊಂದು ಬಿಲ್‌ನಷ್ಟು ಕಡಿಮೆ.

ನನ್ನ ಕಣ್ಣು ಹೋಗುವುದು ಆ 36ರ ಮೇಲೆ. ಸತತ ಎರಡು ಗಂಟೆ ಅದೇ ಸಂಖ್ಯೆ ಬಂದರೆ ಗಿರಾಕಿಗಳ ಮನಸ್ಸಿಗಿಂತ ಮೊದಲು ಕ್ಯಾಶಿಯರನ್ನು ನೋಡಿ. ಗಂಟೆಗೆ 36 ಎಂದರೆ ಒಂದು ಬಿಲ್‌ಗೆ 100 ಸೆಕೆಂಡು. ಒಬ್ಬರ ಕೈಯಿಂದ ಆಗುವುದೇ ಅಷ್ಟಿರಬಹುದು. ಸಾಲು ನೋಡಿ ಬಟ್ಟೆ ಅಲ್ಲೇ ಇಟ್ಟು ಹೋದವರು ಆ ಹನ್ನೊಂದರಲ್ಲಿರಬಹುದು.

ಹಾಗೆಂದು ಡಬ್ಬಿಯ ಮಾತನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಚಹಾಕ್ಕೆಂದು ಹೊರಹೋಗಿ ಬರುವ ಸೇಲ್ಸ್ ಹುಡುಗನೂ ಹಲವು ಯಂತ್ರಗಳಿಗೆ ಗಿರಾಕಿಯೇ. ಮದುವೆ ಜವಳಿಗೆ ಎಂಟು ಜನ ಬಂದು ಒಂದೇ ಬಿಲ್ ಮಾಡಿಸಿದರೆ ವ್ಯಾಪಾರ ಭರ್ಜರಿ, ರೇಟ್ ಮಾತ್ರ ನೆಲಕ್ಕೆ. ಡಬ್ಬಿಯ ಗಡಿಯಾರ ಬಿಲ್ಲಿಂಗ್ ಕಂಪ್ಯೂಟರಿಗಿಂತ ಹತ್ತು ನಿಮಿಷ ಹಿಂದಿದ್ದರಂತೂ ಗಂಟೆವಾರು ಪಟ್ಟಿಯೇ ಅಡ್ಡಾದಿಡ್ಡಿ. ಅರ್ಧ ಗಂಟೆ ಬಾಗಿಲಲ್ಲಿ ನಿಂತು ಕೈಯಾರೆ ಎಣಿಸಿ ತಾಳೆ ನೋಡಿದರೆ ಯಂತ್ರದ ಎಣಿಕೆ ಸರಿಯೇ ಎಂಬುದು ಗೊತ್ತಾಗುತ್ತದೆ.

ಆಮೇಲೆ ಮುಂದಿನ ಶನಿವಾರ ಆರರಿಂದ ಎಂಟರವರೆಗೆ ಎರಡನೇ ಕೌಂಟರ್ ತೆರೆಯಿರಿ. ಅಷ್ಟೇ ಜನ ಬಂದು ಬಿಲ್ 36 ದಾಟಿದರೆ ತಡೆ ಇದ್ದದ್ದು ಕ್ಯಾಶ್‌ನಲ್ಲಿ; ದಾಟದಿದ್ದರೆ ಸರಕನ್ನೂ ಬೆಲೆಯನ್ನೂ ನೋಡಿ.