ಎಳ್ಳಿಲ್ಲದ ಎಳ್ಳು-ಬೆಲ್ಲ

ನ್ಯೂಜೆರ್ಸಿಯ ಎಡಿಸನ್ನಿನಲ್ಲಿರುವ ಅಕ್ಕನ ಮಗಳ ಮನೆಯಲ್ಲಿ ಸಂಕ್ರಾಂತಿ. ಊಟದ ಮೇಜಿನ ಆ ತುದಿಗೊಂದು ತಟ್ಟೆ, ಈ ತುದಿಗೊಂದು ತಟ್ಟೆ. ಒಂದರಲ್ಲಿ ಬಿಳಿ ಎಳ್ಳು, ಕಡಲೆಬೀಜ, ಹುರಿಗಡಲೆ, ಬೆಲ್ಲ, ಕೊಬ್ಬರಿ ಬೆರೆಸಿದ ಪೊಟ್ಟಣಗಳು, ಪಕ್ಕದಲ್ಲೇ ಕಬ್ಬಿನ ತುಂಡುಗಳು. ಇನ್ನೊಂದರಲ್ಲಿ ಬೆಲ್ಲ, ಕೊಬ್ಬರಿ, ಸಕ್ಕರೆ ಅಚ್ಚು ಮಾತ್ರ. ಎರಡನೆಯದು ಎದುರುಮನೆಯ ಎಂಟು ವರ್ಷದ ಹುಡುಗನಿಗಾಗಿ. ಅವನಿಗೆ ಕಡಲೆಬೀಜವೂ ಆಗದು, ಎಳ್ಳೂ ಆಗದು.

ಈ ದೇಶದಲ್ಲಿ ಎಳ್ಳೆಂದರೆ ಹುಡುಗಾಟವಲ್ಲ. 2023ರ ಜನವರಿಯಿಂದ ಪ್ಯಾಕೆಟ್ ತಿಂಡಿಗಳ ಮೇಲೆ ಅಲರ್ಜಿಯ ಪದಾರ್ಥವೆಂದು ಎಳ್ಳಿನ ಹೆಸರನ್ನೂ ನಮೂದಿಸಬೇಕೆಂಬ ಕಾನೂನಿದೆ. ಹಾಗಾಗಿ ಹುಡುಗನ ಪಾಲು ಹಿಂದಿನ ದಿನವೇ ಸಿದ್ಧವಾಗಿತ್ತು. ಎಳ್ಳಿನ ಡಬ್ಬಿ ತೆರೆಯುವ ಮೊದಲೇ ಹೊಸ ಮಣೆ, ತೊಳೆದ ಅಡಕೊತ್ತು ಇಟ್ಟುಕೊಂಡು ಬೆಲ್ಲ ಕತ್ತರಿಸಿ, ಡಬ್ಬಿಗೆ ತುಂಬಿ, ಮುಚ್ಚಿಟ್ಟಿದ್ದರು. ಆಮೇಲೆ ಎಳ್ಳನ್ನು ಆರಿಸಿ ತೆಗೆದರಾಯಿತು ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹುಡುಗನ ಅಮ್ಮ ಬಂದವರೇ ಬೆಲ್ಲದ ಪ್ಯಾಕೆಟ್ಟನ್ನೂ ತಿರುಗಿಸಿ ಓದಿದರು. ಯಾರಿಗೂ ಬೇಸರವಾಗಲಿಲ್ಲ.

ಸಕ್ಕರೆ ಅಚ್ಚು ಮಾತ್ರ ಅಕ್ಕನ ಕೈಕೆಲಸ. ಮೈಸೂರಿನಿಂದ ಮರದ ಅಚ್ಚುಗಳನ್ನು ಸೀರೆಗಳ ನಡುವೆ ಸುತ್ತಿ ತಂದಿದ್ದಳು. ನೀರಿನಲ್ಲಿ ನೆನೆಹಾಕಿದ ಅಚ್ಚಿನ ಜೋಡಿಗಳಿಗೆ ರಬ್ಬರ್ ಬ್ಯಾಂಡ್ ಬಿಗಿದು ಸಾಲಾಗಿ ನಿಲ್ಲಿಸಿದಳು. ಸಕ್ಕರೆ ಪಾಕಕ್ಕೆ ಒಂದಿಷ್ಟು ಹಾಲು ಹಾಕಿದರೆ ಕೊಳೆಯೆಲ್ಲ ನೊರೆಯಾಗಿ ಮೇಲೇಳುತ್ತದೆ. ಅದನ್ನು ಬಟ್ಟೆಯಲ್ಲಿ ಸೋಸಿ, ಪಾಕವನ್ನು ಸೌಟು ಸೌಟಾಗಿ ಪುಟ್ಟ ಬಾಣಲೆಗೆ ಹಾಕಿ, ನಿಂಬೆರಸ ಹಿಂಡಿ ತಿರುವುತ್ತಾ ಕಾಯಬೇಕು. ಪಾಕ ಬೆಳ್ಳಗೆ ಮಂಕಾದ ಗಳಿಗೆಯಲ್ಲೇ ಅಚ್ಚಿಗೆ ಸುರಿಯಬೇಕು. ಮೊದಲೇ ಸುರಿದರೆ ಗಟ್ಟಿಯಾಗದು, ತಡವಾದರೆ ಬಾಣಲೆಯಲ್ಲೇ ಕಲ್ಲು. ಅಚ್ಚು ಬಿಚ್ಚಿದಾಗ ಆನೆಯ ಸೊಂಡಿಲಿನ ಗೆರೆಗಳೂ ಎಣಿಸುವಂತಿದ್ದವು. ಹೀಟರಿನ ಒಣಗಾಳಿಗೆ ತೇವವೇ ತಾಗದೆ, ಗಿಣಿ, ಗೋಪುರ ಎಲ್ಲವೂ ಗರಿಗರಿಯಾಗಿದ್ದವು. "ಮಳೆಗಾಲದಲ್ಲಿ ಮಾಡಿದ್ರೆ ಅಂಟಂಟು" ಎಂದಳು ಅಕ್ಕ.

ಬಂದವರು ಏಳೆಂಟು ಮಂದಿ. ಹೊರನಾಡಿನ ನಮ್ಮವರಿಗೊಂದು ಚಾಳಿಯಿದೆ: ಹಬ್ಬದ ಪ್ರತಿಯೊಂದಕ್ಕೂ 'ವೈಜ್ಞಾನಿಕ ಕಾರಣ' ಕೊಡದಿದ್ದರೆ ನಿದ್ದೆ ಬಾರದು. ಅಕ್ಕನ ಮಗಳಿಗೆ ಆ ಉಸಾಬರಿ ಇಲ್ಲ. ಚಳಿಯಲ್ಲಿ ಮೈ ಒಡೆಯುತ್ತದೆ, ಎಣ್ಣೆಕಾಳು ತಿನ್ನುತ್ತೇವೆ. ಸುಗ್ಗಿಯಾಗಿ ಮನೆಗೆ ಹೊಸ ಬೆಳೆ ಬಂದಿರುತ್ತದೆ, ಹಂಚುತ್ತೇವೆ. ಇಷ್ಟೇ ಹೇಳಿ, ಮಂಡ್ಯದ ಕಡೆ ರಾಸುಗಳಿಗೆ ಕಿಚ್ಚು ಹಾಯಿಸುವ ಫೋಟೊ ತೋರಿಸಿದಳು. ಉರಿಯುವ ಹುಲ್ಲಿನ ಮೇಲೆ ಎತ್ತು ನೆಗೆಯುತ್ತಿದೆ, ಕೊಂಬಿಗೆ ಬಣ್ಣ, ಕೊರಳಿಗೆ ಹೂವಿನ ಹಾರ. ಒಬ್ಬರ ಮುಖ ಗಂಟಿಕ್ಕಿತು: "ಸುಡುವುದಿಲ್ಲವೇ?"

"ಹುಲ್ಲಿನ ಉರಿ ಗಳಿಗೆಯದ್ದು. ಮೈಯ ಉಣ್ಣೆ ಉದುರುತ್ತೆ ಅಂತ ರೈತರು ಹೇಳ್ತಾರೆ. ಆದರೆ ಎತ್ತಿಗೆ ಗಾಬರಿ ಆಗೋದಿಲ್ಲ ಅಂತ ನಾನು ಹೇಳಲಾರೆ" ಎಂದಳು. ಆ ಉತ್ತರ ನನಗೆ ಹಿಡಿಸಿತು. ಮೂಲೆಯಲ್ಲಿದ್ದ ಫಿಲಿಪೀನ್ಸ್‌ನ ನರ್ಸಮ್ಮ ಅಷ್ಟರಲ್ಲೇ ತಮ್ಮ ಫೋನು ತೆಗೆದರು. ಅವರ ದೇಶದ ಪುಲಿಲಾನ್‌ನಲ್ಲಿ ಮೇ ತಿಂಗಳಲ್ಲಿ ಅಲಂಕರಿಸಿದ ಕೋಣಗಳು ಚರ್ಚಿನೆದುರು ಮಂಡಿಯೂರುತ್ತವಂತೆ. ರೈತರ ಸಂತ ಇಸಿದೋರನ ಹಬ್ಬವದು. ಆಮೇಲೆ ಎತ್ತು-ಕೋಣಗಳ ಮಾತೇ ಮಾತು.

ಪಕ್ಕದ ಮನೆಯ ನಿವೃತ್ತ ಮೇಷ್ಟರು ಸುಮ್ಮನೆ ಕಬ್ಬು ಜಗಿಯುತ್ತಿದ್ದವರು ಕೇಳಿದರು: "ಇದನ್ನು ಸೂರ್ಯ ಉತ್ತರಕ್ಕೆ ತಿರುಗುವ ಹಬ್ಬ ಅಂತಾರೆ. ಅವನು ಡಿಸೆಂಬರ್ 21ಕ್ಕೇ ತಿರುಗಿಯಾಯಿತಲ್ಲ?"

ಊರಿನಲ್ಲಿ ಈ ಪ್ರಶ್ನೆ ಕೇಳಿದವರನ್ನು ನಾನು ಕಂಡಿಲ್ಲ. ಉತ್ತರ ಕೊಟ್ಟವನು ಅಕ್ಕನ ಅಳಿಯ. ನಮ್ಮ ಪಂಚಾಂಗ ರಾಶಿಯನ್ನು ನಕ್ಷತ್ರಗಳ ಲೆಕ್ಕದಲ್ಲಿ ನೋಡುತ್ತದೆ. ಭೂಮಿಯ ಅಕ್ಷ ಬುಗುರಿಯ ಹಾಗೆ ನಿಧಾನವಾಗಿ ತೂಗುವುದರಿಂದ ಸೂರ್ಯ ಮಕರಕ್ಕೆ ಬರುವ ದಿನ ಸುಮಾರು 70 ವರ್ಷಕ್ಕೊಂದು ದಿನದಂತೆ ಮುಂದಕ್ಕೆ ಸರಿಯುತ್ತದೆ. ಸುಮಾರು 1700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಈಗ 24 ದಿನಗಳ ಅಂತರ. ಹೆಸರು ಹಳೆಯದೇ ಉಳಿದಿದೆ.

ಮೇಷ್ಟರು ಕಾಗದದ ಕರವಸ್ತ್ರದ ಮೇಲೆ ಪೆನ್ನಿನಿಂದ ಗುಣಿಸಿ, "ಹಾಗಾದರೆ ಇನ್ನು 13 ಸಾವಿರ ವರ್ಷದ ಹೊತ್ತಿಗೆ ನಿಮ್ಮ ಹಬ್ಬ ಜುಲೈಗೆ ಬರುತ್ತದೆ" ಎಂದರು.

ಮಗಳು ಅದನ್ನು ಕನ್ನಡಕ್ಕೆ ತಿರುಗಿಸಿ ಹೇಳಿದಾಗ ಅಕ್ಕನಿಗೆ ನಿಜವಾಗಿಯೂ ಯೋಚನೆಗಿಟ್ಟುಕೊಂಡಿತು. "ಜುಲೈನಲ್ಲಾ? ಅಚ್ಚು ಗಟ್ಟಿಯಾಗಲ್ಲ ಕಣೇ, ಹೇಳು ಅವ್ರಿಗೆ."