ಅಮೀನಗಡಕ್ಕೆ ಹತ್ತು ಆಡು

ಬಾಗಲಕೋಟೆ ಜಿಲ್ಲೆಯ ಅಮೀನಗಡದ ಸಂತೆಗೆ ಕುರಿ, ಆಡು ತುಂಬಿದ ಗಾಡಿಗಳು ಸಾಲಾಗಿ ಬರುತ್ತವೆ. ಇಳಿದ ಆಡು ಕುಂಟಿದರೆ ಕೆಟ್ಟ ರಸ್ತೆಯನ್ನು ಬೈಯುವವರೇ ಹೆಚ್ಚು. ಆದರೆ ಪೆಟ್ಟು ಬೀಳುವುದು ಬಹುಪಾಲು ಹತ್ತಿಸುವಾಗ, ಇಳಿಸುವಾಗ.

ಕಾಲು ಅಥವಾ ಕೊಂಬು ಹಿಡಿದೆತ್ತಿ ಗಾಡಿಯೊಳಗೆ ಒಗೆದರೆ ಕೀಲು ಉಳುಕುತ್ತದೆ, ಕೊಂಬು ಮುರಿಯುತ್ತದೆ, ಚರ್ಮದಡಿ ರಕ್ತ ಹೆಪ್ಪುಗಟ್ಟುತ್ತದೆ. ಇದಕ್ಕೆ ಉಪಾಯ ಒಂದು ಉದ್ದನೆಯ ಹಲಗೆ. ಗಾಡಿಯ ತಳ ನೆಲದಿಂದ ಎರಡೂವರೆ ಅಡಿ ಎತ್ತರದಲ್ಲಿದ್ದರೆ ಹಲಗೆ ಎಂಟು ಅಡಿಯಾದರೂ ಇರಬೇಕು. ಗಿಡ್ಡದಾದರೆ ಏರು ಕಡಿದಾಗಿ ಆಡು ಹೆಜ್ಜೆ ಇಡುವುದೇ ಇಲ್ಲ. ಗೊರಸು ಜಾರದಂತೆ ಮೇಲೆ ಅಡ್ಡಪಟ್ಟಿ ಹೊಡೆಯಬೇಕು, ಎರಡೂ ಬದಿಗೆ ಆಸರೆ ಕಟ್ಟಬೇಕು. ಮಂದೆಯಲ್ಲಿ ಯಾವಾಗಲೂ ಮುಂದೆ ನಡೆಯುವ ಆಡನ್ನು ಮೊದಲು ಹತ್ತಿಸಿದರೆ ಉಳಿದವು ತಾವಾಗಿಯೇ ಹಿಂಬಾಲಿಸುತ್ತವೆ. ನಸುಕಿನಲ್ಲಿ ತುಂಬುವುದಾದರೆ ಗಾಡಿಯ ಒಳಗೊಂದು ದೀಪ ಬೇಕು. ಕತ್ತಲ ಗವಿಯಂತೆ ಕಾಣುವ ಜಾಗಕ್ಕೆ ಅವು ಕಾಲಿಡಲು ಹೆದರುತ್ತವೆ. ಆ ಹೆದರಿಕೆಯನ್ನು ಹಟವೆಂದುಕೊಂಡು ಬಡಿಯುವುದು ಅನ್ಯಾಯ.

ಇನ್ನು ಎಷ್ಟು ತುಂಬಬೇಕು? ಕೇಂದ್ರ ಮೋಟಾರು ವಾಹನ ನಿಯಮದ ಪ್ರಕಾರ ಒಂದು ಆಡಿಗೆ ಕನಿಷ್ಠ 0.3 ಚದರ ಮೀಟರ್, ಅಂದರೆ ಮೂರು ಚದರ ಅಡಿಗಿಂತ ತುಸು ಹೆಚ್ಚು ಜಾಗ ಬೇಕು. ಹಸು, ಎಮ್ಮೆಗೆ 2 ಚದರ ಮೀಟರ್. ಏಳು ಅಡಿ ಉದ್ದ, ಐದು ಅಡಿ ಅಗಲದ ಸಣ್ಣ ಗೂಡ್ಸ್ ಗಾಡಿಯಲ್ಲಿ ಹಿಡಿಯುವುದು ಹತ್ತೇ ಆಡು.

ಒತ್ತೊತ್ತಾಗಿ ತುಂಬಿದರೆ ಬೀಳುವುದಿಲ್ಲ ಎಂಬ ನಂಬಿಕೆಯೇ ಹೆಚ್ಚು ಆಡುಗಳನ್ನು ಬಲಿ ತೆಗೆದುಕೊಳ್ಳುತ್ತದೆ. ಬ್ರೇಕ್ ಬಿದ್ದಾಗ ಒಂದು ಉರುಳಿದರೆ ಮತ್ತೆ ಏಳಲು ಜಾಗವಿರುವುದಿಲ್ಲ. ಉಳಿದವು ಅದರ ಮೇಲೆಯೇ ನಿಲ್ಲುತ್ತವೆ, ಅದು ಉಸಿರುಗಟ್ಟಿ ಸಾಯುತ್ತದೆ. ಹಾಗೆಂದು ನಾಲ್ಕೇ ಆಡನ್ನು ಖಾಲಿ ಗಾಡಿಯಲ್ಲಿ ಬಿಟ್ಟರೂ ತಿರುವಿನಲ್ಲಿ ಎತ್ತೆತ್ತಲೋ ಎಸೆಯಲ್ಪಡುತ್ತವೆ. ಆಗ ಅಡ್ಡಹಲಗೆ ಕಟ್ಟಿ ಜಾಗ ಕಿರಿದು ಮಾಡಬೇಕು. ಹೋತಗಳನ್ನೂ ಪರಿಚಯವಿಲ್ಲದ ಆಡುಗಳನ್ನೂ ಬೇರೆಯಾಗಿಯೇ ಇಡಬೇಕು, ಇಲ್ಲವಾದರೆ ದಾರಿಯುದ್ದಕ್ಕೂ ಗುದ್ದಾಟ. ದಿನ ತುಂಬಿದ ಗಬ್ಬದ ಆಡನ್ನು ಗಾಡಿ ಹತ್ತಿಸಲೇಬಾರದು.

ತಗಡಿನ ತಳದ ಮೇಲೆ ಉಚ್ಚೆ ಬಿದ್ದರೆ ನಿಲ್ಲಲು ಆಗದಷ್ಟು ಜಾರುತ್ತದೆ. ಎರಡು ಇಂಚು ಮರಳು ಹರಡಿ ಮೇಲೆ ಒಣಹುಲ್ಲು ಹಾಕಿದರೆ ಸಾಕು. ಹೊರಡುವವರೆಗೂ ನೀರು ಕೊಡಬೇಕು. ಆದರೆ ಹೊಟ್ಟೆ ತುಂಬ ಹಸಿಮೇವು ತಿನ್ನಿಸಿದರೆ ದಾರಿಯಲ್ಲಿ ಉಚ್ಚಿಕೊಂಡು ತಳವೆಲ್ಲ ರಾಡಿಯಾಗುತ್ತದೆ.

ಹೊರಟ ಅರ್ಧ ಗಂಟೆಗೆ ಗಾಡಿ ನಿಲ್ಲಿಸಿ ಒಮ್ಮೆ ನೋಡಬೇಕು. ಬಿದ್ದದ್ದನ್ನು ಎಬ್ಬಿಸಬೇಕು. ಬಾಯಿ ತೆರೆದು ತೇಕುತ್ತಿದ್ದರೆ ಸೆಕೆ ಮಿತಿ ಮೀರಿದೆ ಎಂದರ್ಥ. ನೆರಳು, ಗಾಳಿ, ನೀರು ಕೂಡಲೇ ಬೇಕು. ಬಿಸಿಲಲ್ಲಿ ನಿಂತ ಗಾಡಿಯೊಳಗೆ ಓಡುವ ಗಾಡಿಗಿಂತ ಬೇಗ ಕಾವೇರುವುದರಿಂದ ಚಾಲಕರು ಚಹಾಕ್ಕೆ ನಿಲ್ಲಿಸುವುದಾದರೂ ಮರದಡಿಯೇ ನಿಲ್ಲಿಸಬೇಕು.

ಮಾರಾಟವಾಗದೆ ಮರಳಿದ ಆಡನ್ನು ನೇರವಾಗಿ ಮಂದೆಗೆ ಬಿಡುವಂತಿಲ್ಲ. ಪ್ರಯಾಣದ ದಣಿವಿನಲ್ಲಿ ರೋಗ ತಡೆಯುವ ಶಕ್ತಿ ಕುಗ್ಗಿರುತ್ತದೆ, ಸಂತೆಯಲ್ಲಿ ಪಿಪಿಆರ್ ಸೋಂಕು ತಗಲಿರಬಹುದು. ಎರಡು ಮೂರು ವಾರ ಬೇರೆ ಕಟ್ಟಿ ಜ್ವರ, ಸಿಂಬಳ, ಭೇದಿ ಇವೆಯೇ ಎಂದು ಗಮನಿಸಿ, ಕಂಡರೆ ಪಶುವೈದ್ಯರಿಗೆ ತೋರಿಸಬೇಕು.