ಪ್ರತಿಧ್ವನಿಯೂ ಪ್ರತ್ಯುತ್ತರವೂ: ವಿದೇಶದ ಕನ್ನಡ ಮಕ್ಕಳ ವಿಡಿಯೋ ಪಾಠ

ವಿದೇಶಗಳಲ್ಲಿ ಬೆಳೆಯುತ್ತಿರುವ ಕನ್ನಡ ಮಕ್ಕಳಿಗಾಗಿ ಸಿದ್ಧವಾಗುವ ವಿಡಿಯೋ ಪಾಠಗಳಲ್ಲಿ ಮೂರು ಉಪಾಯಗಳು ಸಾಮಾನ್ಯವಾಗಿ ಕಂಡುಬರುತ್ತವೆ: ಹೇಳಿದುದನ್ನು ಮರಳಿ ಹೇಳಿಸುವುದು, ಕೇಳಿದುದಕ್ಕೆ ಉತ್ತರ ಕೊಡಿಸುವುದು, ಚಿತ್ರವನ್ನು ತೋರಿಸಿ ಮಾತನ್ನು ಹೊರಡಿಸುವುದು. ಮೊದಲಿನ ಎರಡೂ ಒಂದೇ ಎಂದು ಮೇಲುನೋಟಕ್ಕೆ ತೋರಬಹುದಾದರೂ, ಎಚ್ಚರ ತಪ್ಪಿದರೆ ಅವು ಒಂದನ್ನೊಂದು ಕೆಡಿಸಬಲ್ಲವು.

ಒಂದು ಪಾಠವನ್ನು ನೋಡೋಣ. ತೆರೆಯ ಮೇಲಿನ ಉಪಾಧ್ಯಾಯಿನಿ ಹಾಲಿನ ಲೋಟವನ್ನು ತೋರಿಸಿ ‘ನಿನಗೆ ಏನು ಬೇಕು?’ ಎಂದು ಕೇಳುತ್ತಾಳೆ. ಅದುವರೆಗೆ ಅವಳ ನುಡಿಯನ್ನೇ ಮರುನುಡಿಯುತ್ತ ಬಂದ ಮಗು ‘ನಿನಗೆ ಹಾಲು ಬೇಕು’ ಎನ್ನುತ್ತದೆ. ಇಂಗ್ಲಿಷಿನಲ್ಲಿ ಯೋಚಿಸುವ ಮಗುವಾದರೆ ‘ನಾನು ಹಾಲು ಬೇಕು’ ಎಂದೀತು; ಬೇಡುವವನಿಗೆ ಚತುರ್ಥೀ ವಿಭಕ್ತಿ ಹತ್ತುವುದೆಂಬುದು ಅದಕ್ಕೆ ಹೊಸದು. ಎಷ್ಟು ಸಲ ಹೇಳಿಸಿದರೂ ಈ ತಪ್ಪುಗಳು ತಾವಾಗಿ ತಿದ್ದಿಕೊಳ್ಳುವುದಿಲ್ಲ. ‘ನಿನಗೆ’ ಎಂಬುದು ‘ನನಗೆ’ ಎಂದು ತಿರುಗುವುದನ್ನು ಮಗು ಎಲ್ಲಿಯಾದರೂ ಕಾಣಬೇಕಷ್ಟೆ. ಆದುದರಿಂದ ತೆರೆಯ ಮೇಲೆ ಎರಡನೆಯ ದನಿಯೊಂದು ಬೇಕು. ಅದು ಬೊಂಬೆಯದಾದರೂ ಆದೀತು. ಎರಡು ಸಲ ಉಪಾಧ್ಯಾಯಿನಿ ಕೇಳಲಿ, ಬೊಂಬೆ ‘ನನಗೆ ಹಾಲು ಬೇಕು’ ಎನ್ನಲಿ. ಮೂರನೆಯ ಸಲ ಬೊಂಬೆ ಸುಮ್ಮನಿರಲಿ, ಹಾಲಿನ ಸ್ಥಾನದಲ್ಲಿ ಬಾಳೆಹಣ್ಣು ಬರಲಿ. ಮನಸ್ಸಿನಲ್ಲಿ ನಿಧಾನವಾಗಿ ನಾಲ್ಕು ಎಣಿಸುವಷ್ಟು ಮೌನವಿದ್ದು, ಅನಂತರವೇ ಉತ್ತರ ಕೇಳಿಬರಲಿ. ಹಿಂದೆ ಕೇಳಿದ ವಾಕ್ಯವನ್ನು ಒಪ್ಪಿಸಿದರೆ ಇಲ್ಲಿ ಸಾಗದು. ಮಗು ತಾನೇ ಕಟ್ಟಬೇಕು. ಈ ಮೌನವನ್ನು ಬೇಸರದ ಹೊತ್ತೆಂದು ಭಾವಿಸಿ ತಯಾರಕರು ಕತ್ತರಿಸಿಬಿಡುವುದುಂಟು. ಆಗ ಉಳಿಯುವುದು ಬರಿಯ ಪ್ರತಿಧ್ವನಿ.

ಉಚ್ಚಾರಣೆಯ ತೊಡಕು ಬೇರೆಯದು. ‘ಬಲೆ’, ‘ಬಳೆ’ ಎರಡನ್ನೂ ಮಗು ‘ಬಲೆ’ ಎಂದೇ ಹೇಳಿದರೂ ತೆರೆಯ ಮೇಲಿನವರು ‘ಭೇಷ್’ ಎನ್ನುತ್ತಾರೆ, ಅವರಿಗೆ ಕೇಳಿಸುವುದಿಲ್ಲವಲ್ಲ! ಎರಡು ಚಿತ್ರಗಳನ್ನೂ ಒಟ್ಟಿಗಿಟ್ಟು, ‘ಬಳೆ ಎಲ್ಲಿ?’ ಎಂದು ಕೇಳಿ ಬೆರಳಿಡಿಸುವುದು ಮೇಲು. ಸ್ಥಾನಗಳನ್ನು ಬದಲಿಸುತ್ತ ಹತ್ತು ಸಲ ಕೇಳಿದಾಗ ಐದಾರು ಸಲ ಮಾತ್ರ ಸರಿಯಾದರೆ, ಮಗು ಊಹಿಸುತ್ತಿದೆ ಎನ್ನಬೇಕು. ಅದರ ಕಿವಿಗೆ ಭೇದ ಹತ್ತಿಲ್ಲ. ನಾಲಗೆಯನ್ನು ದೂರಿ ಫಲವಿಲ್ಲ.

ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ, ಋಷಿವ್ಯಾಲಿಯ ಪದ್ಧತಿಯಿಂದ ಪ್ರೇರಣೆ ಪಡೆದು, ಯುನಿಸೆಫ್ ನೆರವಿನಿಂದ ಆರಂಭವಾದ ‘ನಲಿ-ಕಲಿ’ಯಲ್ಲೂ ಚಿತ್ರದ ಕಾರ್ಡುಗಳುಂಟು. ಆದರೆ ಅಲ್ಲಿ ಮಗು ತನ್ನ ವೇಗದಲ್ಲಿ ಮೆಟ್ಟಿಲೇರುತ್ತದೆ. ಕಾರ್ಡನ್ನು ಕಲಿತಿತೋ ಇಲ್ಲವೋ ಎಂದು ನೋಡಲು ಉಪಾಧ್ಯಾಯರು ಎದುರಿಗಿದ್ದಾರೆ. ವಿಡಿಯೋ ಎಲ್ಲರನ್ನೂ ಒಂದೇ ನಡಿಗೆಯಲ್ಲಿ ಎಳೆದೊಯ್ಯುತ್ತದೆ. ಪೆಟ್ರೀಷಿಯಾ ಕುಲ್ ಮತ್ತು ಅವರ ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚೀನೀ ಭಾಷೆಯನ್ನಾಡುವವರು ಎದುರಿಗೆ ಕುಳಿತು ಆಡಿದಾಗ ಒಂಬತ್ತು ತಿಂಗಳ ಅಮೆರಿಕನ್ ಶಿಶುಗಳು ಆ ಭಾಷೆಯ ಧ್ವನಿಭೇದವನ್ನು ಗ್ರಹಿಸಿದವು. ಅದೇ ಮಾತನ್ನು ತೆರೆಯ ಮೇಲೆ ಕಂಡ ಶಿಶುಗಳು ಗ್ರಹಿಸಲಿಲ್ಲ. ದೊಡ್ಡ ಮಕ್ಕಳಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಆದರೂ ಪಾಠ ನಡೆಯುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿದ್ದು, ‘ನಿನಗೆ ಬಾಳೆಹಣ್ಣು ಬೇಕು’ ಎಂದು ಮಗು ನುಡಿದೊಡನೆ ವಿಡಿಯೋ ನಿಲ್ಲಿಸಿ, ‘ನನಗೆ ಬೇಡಪ್ಪ, ನಿನಗೆ ಬೇಕೇ?’ ಎಂದು ಕೇಳುವುದು ಒಳ್ಳೆಯದು.